ಮಾರ್ಚ್ 31ಕ್ಕೆ ನಮ್ಮ ಪ್ರೆಸ್ಸಿನ ಕೊನೆಯ ಕೆಲಸ

(ಬಂಗಾರಪೇಟೆಯಲ್ಲಿ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವ ಮಾರ್ಚ್ 31ಕ್ಕೆ ನಮ್ಮ ಪ್ರಿಂಟಿಂಗ್ ಪ್ರೆಸ್ ಮುಚ್ಚುತ್ತದೆ. ಹೊಸ ಆರ್ಡರು ತೆಗೆದುಕೊಳ್ಳುವುದು ಮಾರ್ಚ್ 10ರವರೆಗೆ ಮಾತ್ರ. ಅಲ್ಲಿಂದ ಮುಂದಿನ ಮೂರು ವಾರ ಒಪ್ಪಿಕೊಂಡ ಕೆಲಸ ಮುಗಿಸುವುದಕ್ಕೆ, ನಿಮ್ಮ ವಸ್ತು ನಿಮಗೆ ವಾಪಸು ಕೊಡುವುದಕ್ಕೆ.

ಯಾರೋ ಓಡಿಸಿದರು, ಸಾಲಗಾರರು ಬಂದು ಬೀಗ ಹಾಕಿದರು ಅಂತ ಊರಲ್ಲಿ ಮಾತು ಹುಟ್ಟುವ ಮೊದಲೇ ನಾನೇ ಹೇಳಬೇಕು ಅಂತ ಈ ಸಭೆಗೆ ಬಂದೆ. ಯಾರೂ ಓಡಿಸಿಲ್ಲ ಸ್ವಾಮಿ. ಕೆಲಸ ಕಡಿಮೆಯಾಯಿತು, ಮೆಷಿನ್ನಿಗೆ ವಯಸ್ಸಾಯಿತು, ಮಗಳಿಗೆ ಈ ಕಸುಬು ಬೇಡ. ಅಷ್ಟೇ ಕಾರಣ. ಇದರಲ್ಲಿ ಅಳುವಂಥದ್ದೇನಿಲ್ಲ. ಆದರೆ ಮುಚ್ಚುವುದಕ್ಕೂ ಒಂದು ಕ್ರಮ ಇದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅಂಗಡಿ ತೆರೆಯುವುದು ಹೇಗೆ ಅಂತ ನಿಮ್ಮ ವಯಸ್ಸಿನವರಿಗೆ ನೂರು ಜನ ಭಾಷಣ ಮಾಡುತ್ತಾರೆ. ಮುಚ್ಚುವುದು ಹೇಗೆ ಅಂತ ನಾನು ಹೇಳುತ್ತೇನೆ, ಕೇಳಿ.

ನಮ್ಮ ತಂದೆ ರಾಬರ್ಟ್‌ಸನ್‌ಪೇಟೆಯಲ್ಲಿ 1978ರಲ್ಲಿ ಈ ಪ್ರೆಸ್ ಹಾಕಿದರು. ಒಂದು ಟ್ರೆಡಲ್ ಮೆಷಿನ್, ಕನ್ನಡ, ತಮಿಳು, ಇಂಗ್ಲಿಷಿನ ಸೀಸದ ಮೊಳೆ, ಇಬ್ಬರು ಕಂಪೋಜಿಟರುಗಳು. ಮೈನ್ಸ್ ನಡೆಯುತ್ತಿದ್ದ ಕಾಲ ಅದು. ಯೂನಿಯನ್ನಿನ ಕರಪತ್ರ, ಚೀಟಿ ಕಾರ್ಡು, ಕಿರಾಣಿ ಅಂಗಡಿ ಬಿಲ್ ಬುಕ್ಕು, ಚರ್ಚಿನ ಹಬ್ಬದ ನೋಟೀಸು, ಮಾರಿಯಮ್ಮನ ಜಾತ್ರೆ ಪೋಸ್ಟರು. ಸಂಬಳದ ವಾರ ಬಂದರೆ ಪ್ರೆಸ್ಸಿನಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ.

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಶುರು ಮಾಡಿದ ಗಣಿ, 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದ ಗಣಿ, ನೂರಿಪ್ಪತ್ತು ವರ್ಷದ ಮೇಲೆ ನಿಂತಿತು. ಆಗ ನಾನು ಪಿಯುಸಿ ಮುಗಿಸಿ ಮೂರು ವರ್ಷ, ತಂದೆ ಜೊತೆ ಪ್ರೆಸ್ಸಿನಲ್ಲಿದ್ದೆ. ಗಣಿ ನಿಂತ ದಿನಾಂಕ ಎಲ್ಲರಿಗೂ ನೆನಪಿದೆ, ಆದರೆ ಅದರ ಬಾಕಿಯ ಲೆಕ್ಕ ಆ ದಿನ ಮುಗಿಯಲಿಲ್ಲ. ಕಾರ್ಮಿಕರ ಹಣ, ಕ್ವಾರ್ಟರ್ಸು, ಇವೆಲ್ಲ ವರ್ಷಗಟ್ಟಲೆ ಕೋರ್ಟು ಮೆಟ್ಟಿಲು ಹತ್ತಿದವು. ಮನುಷ್ಯರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಲು ಶುರು ಮಾಡಿದರು. ಇವತ್ತಿಗೂ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ನಿಂತು ಹೋಗುವವರು ಅವರ ಮಕ್ಕಳು. ನಿಮ್ಮಲ್ಲೂ ಕೆಲವರು ಆ ರೈಲಿನಲ್ಲೇ ಇವತ್ತು ಬಂದಿದ್ದೀರಿ.

ಮರುವರ್ಷ ನಾವು ಪ್ರೆಸ್ಸನ್ನು ಬಂಗಾರಪೇಟೆಗೆ ತಂದೆವು. ಜಂಕ್ಷನ್ ಊರು, ವ್ಯಾಪಾರದ ಊರು, ನಾಲ್ಕು ಹಳ್ಳಿಯವರು ಬಂದು ಹೋಗುವ ಜಾಗ. ಇಲ್ಲಿ ಬದುಕಿದೆವು.

ಈಗ ದಿನಾಂಕದ ಮಾತು. ಮಾರ್ಚ್ 31 ಯಾಕೆ, ಸಂಕ್ರಾಂತಿಗೇ ಮುಚ್ಚಬಹುದಿತ್ತಲ್ಲ ಅಂತ ಕೇಳಿದರು ಕೆಲವರು. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಲ್ ಬುಕ್ಕಿನವರು. ಬಿಲ್ ಬುಕ್ಕು ಅಂದರೆ ನಂಬರಿನ ವ್ಯವಹಾರ. ಜಿಎಸ್‌ಟಿ ನಿಯಮದಲ್ಲಿ ಬಿಲ್ಲಿನ ನಂಬರು ಸಾಲಾಗಿ ಇರಬೇಕು, ಒಂದು ಹಣಕಾಸು ವರ್ಷದಲ್ಲಿ ಅದೇ ನಂಬರು ಎರಡು ಸಲ ಬರಬಾರದು. ಏಪ್ರಿಲ್ 1ಕ್ಕೆ ಹೊಸ ವರ್ಷ, ಬೇಕಾದವರು ಹೊಸ ಸರಣಿ ಹಿಡಿಯಬಹುದು. ನಡುವರ್ಷದಲ್ಲಿ ಪ್ರೆಸ್ ಬದಲಾದರೆ ನಂಬರು ಕಲಸಿಹೋಗುವ ಸಂಭವ ಜಾಸ್ತಿ. ಅದಕ್ಕೇ ಮಾರ್ಚ್ 31.

ಕಲಸಿಹೋಗುವುದು ಹೇಗೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಬಜಾರಿನ ಒಂದು ಹಾರ್ಡ್‌ವೇರ್ ಅಂಗಡಿ ಅಂತ ಇಟ್ಟುಕೊಳ್ಳಿ. ಐವತ್ತು ನಂಬರಿನ ಬುಕ್ಕು, ಈ ವರ್ಷ ಅರವತ್ತು ಬುಕ್ಕು ಮಾಡಿಸಿದ್ದಾರೆ, ಅಂದರೆ 1ರಿಂದ 3000. ಕೌಂಟರಿನ ಮೇಲೆ ನಡೆಯುತ್ತಿರುವುದು ಐವತ್ತಮೂರನೇ ಬುಕ್ಕು, 2601ರಿಂದ 2650. ಉಳಿದ ಏಳು ಬುಕ್ಕು ಒಳಗೆ ಬೀರುವಿನಲ್ಲಿ. ಅಂಗಡಿ ಹುಡುಗನನ್ನು ಹೊಸ ಪ್ರೆಸ್ಸಿಗೆ ಕಳಿಸುತ್ತಾರೆ. ಅವನು ಕೈಯಲ್ಲಿರುವ ಬುಕ್ಕು ತೋರಿಸಿ, "ಅಣ್ಣಾ, ಇದರ ಮುಂದಿನ ನಂಬರಿಂದ ಹೊಡೀರಿ" ಅನ್ನುತ್ತಾನೆ. ಅವರು 2651ರಿಂದ ಹೊಡೆಯುತ್ತಾರೆ. ಬೀರುವಿನಲ್ಲಿ 2651ರಿಂದ 3000 ಆಗಲೇ ಇದೆ! ಮುನ್ನೂರೈವತ್ತು ನಂಬರು ಎರಡೆರಡು ಆಯಿತು. ಇಬ್ಬರು ಗಿರಾಕಿಗಳಿಗೆ ಒಂದೇ ನಂಬರಿನ ಬಿಲ್ಲು ಹೋದ ಮೇಲೆ, ಲೆಕ್ಕದವರು ರಿಟರ್ನಿನಲ್ಲಿ ಇಂಥ ನಂಬರಿಂದ ಇಂಥ ನಂಬರವರೆಗೆ ಅಂತ ತುಂಬುವಾಗ ಸಿಕ್ಕಿಬೀಳುತ್ತದೆ. ಆಗ ಬೈಸಿಕೊಳ್ಳುವುದು ಆ ಹುಡುಗ.

ಆದ್ದರಿಂದ ಪ್ರೆಸ್ ಬದಲಿಸುವವರು ನಡೆಯುತ್ತಿರುವ ಬುಕ್ಕು ನೋಡಬೇಡಿ. ಬೀರುವಿನಲ್ಲಿರುವ ಕೊನೆಯ ಬುಕ್ಕಿನ ಕೊನೆಯ ಹಾಳೆ ನೋಡಿ. ಹೊಸ ನಂಬರು ಅದರ ಮುಂದಿನದು. ಏಪ್ರಿಲಿನಿಂದ ಒಂದರಿಂದಲೇ ಹೊಸ ಸರಣಿ ಮಾಡುತ್ತೇವೆ ಅನ್ನುವವರು ನಂಬರಿನ ಮುಂದೆ ವರ್ಷ ಹಾಕಿಸಿ, ಉಳಿದ ಹಳೆ ಬುಕ್ಕಿಗೆ ಅಡ್ಡ ಗೆರೆ ಎಳೆದು ರದ್ದು ಅಂತ ಬರೆದು ಇಟ್ಟುಕೊಳ್ಳಿ. ಹರಿದು ಬಿಸಾಡಬೇಡಿ, ಆ ನಂಬರು ಎಲ್ಲಿ ಹೋಯಿತು ಅಂತ ಕೇಳಿದರೆ ತೋರಿಸಬೇಕು.

ನಾನು ಮಾಡುತ್ತಿರುವುದು ಇಷ್ಟು. ಪ್ರತಿಯೊಬ್ಬ ಬಿಲ್ ಬುಕ್ ಗಿರಾಕಿಗೆ ಒಂದು ಚೀಟಿ: ನಿಮಗೆ ನಾವು ಕೊನೆಯದಾಗಿ ಹೊಡೆದುಕೊಟ್ಟ ನಂಬರು ಇಷ್ಟು, ದಿನಾಂಕ ಇಷ್ಟು. ನೂರ ನಲವತ್ತು ಚೀಟಿ ಬರೆದಾಯಿತು. ಕೆಲಸದ ರಿಜಿಸ್ಟರು ಮನೆಯಲ್ಲಿ ಇರುತ್ತದೆ, ಕನಿಷ್ಠ ಆರು ವರ್ಷ ಅದನ್ನು ಇಡಲೇಬೇಕು. ಚೀಟಿ ಕಳೆದುಕೊಂಡವರು ಬಂದು ಕೇಳಿ.

ಇನ್ನು ನಿಮ್ಮಂಥ ಹುಡುಗರು ಗಮನ ಕೊಡಬೇಕಾದ ವಿಷಯ. ಗಿರಾಕಿಯ ವಸ್ತು ಅಂದರೆ ಬರೀ ಕಾಗದ, ಬ್ಲಾಕು ಅಲ್ಲ. ಕಂಪ್ಯೂಟರಿನಲ್ಲಿ ಅವರ ಕೆಲಸ ಇದೆ. 2003ರಲ್ಲಿ ನಾವು ಕಂಪ್ಯೂಟರ್ ತಂದಾಗಿನಿಂದ ಲೆಟರ್‌ಹೆಡ್ಡು, ದೇವಸ್ಥಾನದ ರಸೀತಿ, ಸಂಘದ ಬೈಲಾ, ಊರ ಹಬ್ಬದ ಪಟ್ಟಿ, ಎಲ್ಲ ಅದರಲ್ಲಿವೆ. ಕೊಟ್ಟುಬಿಡಿ, ಪೆನ್‌ಡ್ರೈವಿಗೆ ಹಾಕಿಬಿಡಿ ಅನ್ನುತ್ತೀರಿ. ಹಾಕಬಹುದು. ತೆಗೆದು ನೋಡಿದರೆ ಏನು ಕಾಣುತ್ತದೆ ಗೊತ್ತೇ? ನಾವು ಅಂದು ಟೈಪು ಮಾಡಿದ್ದು ಹಳೆ ನುಡಿ ಫಾಂಟಿನಲ್ಲಿ. ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ವ್ಯವಸ್ಥೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ನಗಬೇಡಿ. ಕರ್ನಾಟಕದ ಎಷ್ಟೋ ಸಂಘ, ದೇವಸ್ಥಾನ, ಸಹಕಾರ ಬ್ಯಾಂಕುಗಳ ಇಪ್ಪತ್ತು ವರ್ಷದ ಕನ್ನಡ ಇವತ್ತು ಹೀಗೇ ಕೂತಿದೆ. ಟೈಪು ಮಾಡಿದ ಪ್ರೆಸ್ ಮುಚ್ಚಿದ ದಿನ ಅದನ್ನು ಓದುವವರು ಇಲ್ಲವಾಗುತ್ತಾರೆ. ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ನಾವು ಬೀದಿಗೆ ಇಳಿಯುತ್ತೇವೆ, ಇಳಿಯಲೇಬೇಕು. ಬೀರುವಿನೊಳಗಿನ ಕನ್ನಡ ಅಳಿದರೆ ಯಾರಿಗೂ ಕಾಣುವುದಿಲ್ಲ.

ನಾನು ಮಾಡುತ್ತಿರುವ ವಿಧಾನ ಹೇಳುತ್ತೇನೆ, ಬೇರೆ ಪ್ರೆಸ್ಸಿನವರಿಗೂ ತಲುಪಿಸಿ. ಪ್ರತಿ ಗಿರಾಕಿಗೆ ಎರಡು ಪ್ರತಿ. ಮೊದಲನೆಯದು ಅಚ್ಚಿಗೆ: ಕೋರೆಲ್‌ಡ್ರಾನಲ್ಲಿ ಅಕ್ಷರವನ್ನೆಲ್ಲ Convert to Curves ಮಾಡಿ ಪಿಡಿಎಫ್ ತೆಗೆಯುವುದು. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಯಾವ ಕಂಪ್ಯೂಟರಿನಲ್ಲೂ ಹಾಗೇ ಕಾಣುತ್ತದೆ. ಆದರೆ ಚಿತ್ರವಾದ ಅಕ್ಷರವನ್ನು ತಿದ್ದಲಾಗುವುದಿಲ್ಲ, ಹುಡುಕಲಾಗುವುದಿಲ್ಲ. ಅದಕ್ಕೆ ಎರಡನೆಯ ಪ್ರತಿ: ಅದೇ ಮಾತನ್ನು ನುಡಿಯ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಬರೀ ಬರಹವಾಗಿ ಇಡುವುದು.

ಪರಿವರ್ತನೆ ಆದ ಮೇಲೆ ಕಣ್ಣುಮುಚ್ಚಿ ನಂಬಬೇಡಿ. ಮೊದಲು ಅರ್ಕಾವತ್ತು ನೋಡಿ. ಸೂರ್ಯ ಅನ್ನುವಾಗ ಬಾಯಲ್ಲಿ ರಕಾರ ಮೊದಲು ಬರುತ್ತದೆ, ಯಕಾರ ಆಮೇಲೆ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಯಲ್ಲಿ ಕೂತಿರುತ್ತದೆ. ಪರಿವರ್ತಕ ಅದನ್ನು ಎತ್ತಿ ಮುಂದಕ್ಕೆ ತರಬೇಕು. ಟೈಪು ಮಾಡಿದವರು ನಡುವೆ ಒಂದು ಸ್ಪೇಸು ಬಿಟ್ಟಿದ್ದರೆ, ಅಥವಾ ಕಾಗುಣಿತವನ್ನು ಸುತ್ತುಬಳಸಿ ಒತ್ತಿದ್ದರೆ, ಅಲ್ಲಿ ಎಡವುತ್ತದೆ. ಸೂರ್ಯ, ಕಾರ್ಯದರ್ಶಿ, ಧರ್ಮಕರ್ತ, ವಾರ್ಷಿಕ: ಸಂಘದ ಕಾಗದದಲ್ಲಿ ಇಂಥ ಪದ ಬರದೆ ಇರುವುದಿಲ್ಲ. ಈ ನಾಲ್ಕು ಸರಿ ಬಂದಿದ್ದರೆ ಉಳಿದದ್ದು ಬಹುಮಟ್ಟಿಗೆ ಸರಿ. ಆಮೇಲೆ ಮನುಷ್ಯರ ಹೆಸರು, ಅಂಕಿ ಓದಿ.

ಈ ಕೆಲಸಕ್ಕೆ ಕೈ ಸಾಲದು. ನಾನೂರು ಗಿರಾಕಿಗಳ ಫೈಲುಗಳಲ್ಲಿ ಇನ್ನೂರೈವತ್ತು ಆಗಿವೆ. ಶನಿವಾರ ಭಾನುವಾರ ಬಿಡುವಿರುವ, ಕನ್ನಡ ತಪ್ಪಿಲ್ಲದೆ ಓದಬಲ್ಲ ನಾಲ್ಕು ಜನ ಬಂದರೆ ಸಾಕು. ಟೀ, ಸಾಯಂಕಾಲ ಬಂಗಾರಪೇಟೆ ಪಾನಿಪೂರಿ ನನ್ನದು.

ಇನ್ನೊಂದು ಸಣ್ಣ ಎಚ್ಚರ. ಕರಪತ್ರದ ಕೆಳಗೆ ಮುದ್ರಕರ ಹೆಸರು ಇರುತ್ತದೆ, ನೋಡಿದ್ದೀರಿ. 1867ರ ಕಾಯ್ದೆಯಿಂದ ಬಂದ ಪದ್ಧತಿ ಅದು. ಆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಆದರೆ ಚುನಾವಣೆಯ ಕರಪತ್ರ, ಪೋಸ್ಟರಿಗೆ ಮುದ್ರಕರು, ಪ್ರಕಾಶಕರು ಇಬ್ಬರ ಹೆಸರು ವಿಳಾಸ ಇರಲೇಬೇಕು ಎಂಬುದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಲ್ಲಿ ಬೇರೆಯಾಗೇ ಇದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು. ನಾನು ವಾಪಸು ಕೊಡುವ ಫೈಲುಗಳಲ್ಲಿ ನಮ್ಮ ಪ್ರೆಸ್ಸಿನ ಹೆಸರಿನ ಸಾಲು ತೆಗೆದುಬಿಟ್ಟಿರುತ್ತೇನೆ. ಹಳೆ ಕರಪತ್ರವನ್ನು ಸ್ಕ್ಯಾನ್ ಮಾಡಿ ಹಾಗೇ ಬೇರೆ ಕಡೆ ಹೊಡೆಸಬೇಡಿ. ಮುಚ್ಚಿದ ಪ್ರೆಸ್ಸಿನ ಹೆಸರಿನಲ್ಲಿ ಹೊಸ ಕರಪತ್ರ ಹೊರಬಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನಮ್ಮ ಮನೆಗೆ!

ಈಗ ಕೆಲಸದವರ ಮಾತು. ನಮ್ಮಲ್ಲಿ ಇಬ್ಬರು. ಮೆಷಿನ್ ನೋಡುವವರು ಇಪ್ಪತ್ತೆರಡು ವರ್ಷದಿಂದ, ಬೈಂಡಿಂಗ್ ಅಕ್ಕ ಹದಿನೈದು ವರ್ಷದಿಂದ. ಹತ್ತು ಜನಕ್ಕಿಂತ ಕಡಿಮೆ ಇರುವ ನಮ್ಮಂಥ ಅಂಗಡಿಗೆ ಗ್ರಾಚುಯಿಟಿ ಕಾನೂನು ತಾಗುವುದಿಲ್ಲ ಅಂತ ಲೆಕ್ಕದವರು ಹೇಳಿದರು. ಕಾನೂನು ತಾಗದಿದ್ದರೆ ಲೆಕ್ಕ ತಾಗಬಾರದು ಅಂತೇನಿಲ್ಲವಲ್ಲ? ಕಾನೂನಿನ ಲೆಕ್ಕವನ್ನೇ ಹಿಡಿದೆ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸುವುದು. ಅವರ ಸಂಬಳ 15,600. ದಿನಕ್ಕೆ 600 ಆಯಿತು. ಹದಿನೈದು ದಿನಕ್ಕೆ 9,000. ಇಪ್ಪತ್ತೆರಡು ವರ್ಷಕ್ಕೆ 1,98,000. ಅಕ್ಕನದು ತಿಂಗಳಿಗೆ 10,400, ಅದೇ ಲೆಕ್ಕದಲ್ಲಿ 90,000. ಎರಡೂ ಸೇರಿ 2,88,000.

ಇಷ್ಟು ಹಣ ಎಲ್ಲಿಂದ? ಇಲ್ಲೇ ಹೆಚ್ಚಿನವರು ಎಡವುವುದು. ಮೆಷಿನ್ ಮಾರಿ ಕೊಡುತ್ತೇನೆ ಅನ್ನುತ್ತಾರೆ. ಮುಚ್ಚುವ ಅಂಗಡಿಯ ಮೆಷಿನ್ನಿಗೆ ಬೆಲೆ ಕಟ್ಟುವವನು ಕೊಳ್ಳುವವನು, ನಾವಲ್ಲ. ಬಾಗಿಲು ಹಾಕುವ ದಿನ ಹತ್ತಿರ ಬಂದಷ್ಟೂ ಅವನು ಇಳಿಸುತ್ತಾನೆ. ಅದನ್ನು ನಂಬಿಕೊಂಡು ಮಾತು ಕೊಟ್ಟರೆ ಕೆಲಸದವರಿಗೆ ಸಿಗುವುದು ಬರೀ ಮಾತು. 2020ರಲ್ಲಿ ಲಾಕ್‌ಡೌನ್ ಬಂದು, ಮದುವೆಗೆ ಐವತ್ತೇ ಜನ ಅಂತ ಆದಾಗ, ಆ ಬೇಸಿಗೆ ಲಗ್ನಪತ್ರಿಕೆ ಒಂದೂ ಹೊಡೆಯಲಿಲ್ಲ. ಆಮೇಲೆ ಮದುವೆಗಳು ಬಂದವು, ಪತ್ರಿಕೆ ವಾಪಸು ಬರಲಿಲ್ಲ. ಐನೂರು ಹೊಡೆಸುತ್ತಿದ್ದವರು ನೂರು ಹೊಡೆಸಿದರು, ಉಳಿದವರಿಗೆ ವಾಟ್ಸಾಪ್. ಆಗಲೇ ತಿಳಿಯಿತು ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ. ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆದೆ, ತಿಂಗಳಿಗೆ 4,000. ಕಟ್ಟಿದ್ದು 2,40,000, ಬಡ್ಡಿ ಸೇರಿದರೆ ಬಹುತೇಕ ಆ ಲೆಕ್ಕಕ್ಕೆ ಸರಿಹೋಗುತ್ತದೆ. ಕಡಿಮೆ ಬಿದ್ದದ್ದು ಕೈಯಿಂದ. ಮಾರ್ಚ್ 31ರ ಸಂಜೆ ಇಬ್ಬರಿಗೂ ಚೆಕ್ಕು. ಮೆಷಿನ್ ಯಾವಾಗ ಹೋದರೂ ಹೋಗಲಿ.

ಜಿಎಸ್‌ಟಿ ನೋಂದಣಿ ರದ್ದಿಗೆ ಅರ್ಜಿ, ಕೊನೆಯ ರಿಟರ್ನು, ಉಳಿದ ಕಾಗದದ ಮೇಲೆ ಪಡೆದ ತೆರಿಗೆ ವಾಪಸು ಕಟ್ಟುವುದು, ಇವು ಲೆಕ್ಕದವರ ಕೆಲಸ. ಒಂದು ಮಾತು ಮಾತ್ರ: ಕೊನೆಯ ರಿಟರ್ನು ಬೇರೆ ಇದೆ, ರದ್ದಾದ ಮೂರು ತಿಂಗಳೊಳಗೆ ಕೊಡಬೇಕು. ರದ್ದಾಯಿತು ಅಂತ ಕೈತೊಳೆದುಕೊಂಡು ಅದನ್ನು ಮರೆಯುವವರು ಬಹಳ.

ತಂದೆಯ ಕಾಲದ ಸೀಸದ ಮೊಳೆ ಇನ್ನೂ ಎಂಟು ಕೇಸು ಇವೆ. ಇಂಗ್ಲಿಷಿಗೆ ಎರಡು ಕೇಸಿನಲ್ಲಿ ಮುಗಿಯುತ್ತಿದ್ದ ಅಕ್ಷರ ಕನ್ನಡಕ್ಕೆ ಸಾಲುತ್ತಿರಲಿಲ್ಲ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ, ಕಂಪೋಜಿಟರು ಕೈ ಚಾಚಿದಷ್ಟೂ ಇನ್ನೊಂದು ಮನೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳಿದ್ದಾರೆ. ಶಾಲೆಯವರಿಗೋ ಸಂಘದವರಿಗೋ ತೋರಿಸಲು ಬೇಕಿದ್ದರೆ ಮಾರ್ಚ್ 15ರೊಳಗೆ ಹೇಳಿ, ದುಡ್ಡು ಬೇಡ. ಆದರೆ ಗಾಜಿನೊಳಗೆ ಇಡಬೇಕು, ಮಕ್ಕಳ ಕೈಗೆ ಕೊಡಬಾರದು. ಸೀಸ ವಿಷ. ಮುಟ್ಟಿದವರು ಕೈ ತೊಳೆಯಬೇಕು, ಮನೆಯಲ್ಲಿ ಕರಗಿಸಲಂತೂ ಕೂಡದು.

ಕೊನೆಗೆ ಗಿರಾಕಿಗಳಿಗೆ ಕೃತಜ್ಞತೆ. ಅದಕ್ಕೂ ಮೊದಲು ಒಂದು ವಿಷಯ. ಕೆಜಿಎಫ್‌ನಲ್ಲಿ ಕನ್ನಡವೇ ಇಲ್ಲ ಅಂತ ವೇದಿಕೆ ಮೇಲೆ ಹೇಳುವವರು ಒಂದು ದಿನ ಬಂದು ನನ್ನ ಆರ್ಡರ್ ಪುಸ್ತಕ ನೋಡಲಿ. ಚಾಂಪಿಯನ್ ರೀಫ್ಸಿನ ತಮಿಳು ಮನೆಯ ಅಜ್ಜಿಯೊಬ್ಬರು ಮೊಮ್ಮಗಳ ಮದುವೆಗೆ ಬಂದಿದ್ದರು. ಒಂದು ಬದಿ ತಮಿಳು, ಒಂದು ಬದಿ ಇಂಗ್ಲಿಷ್ ಅಂತ ಮಗ ಬರೆಸಿದ. ಅಜ್ಜಿ ತಡೆದರು. "ಇಂಗ್ಲಿಷ್ ಯಾತಕ್ಕಪ್ಪಾ? ಹುಡುಗಿ ಓದಿದ್ದು ಕನ್ನಡ ಸ್ಕೂಲು. ಅವಳ ಟೀಚರಮ್ಮಗೆ ಪತ್ರಿಕೆ ಕೊಡಬೇಕು, ಕನ್ನಡದಲ್ಲಿ ಹಾಕು" ಅಂದರು. ಗಂಡ ಮೈನ್ಸಿನಲ್ಲಿ ದುಡಿದು ಹೋದವರು, ಆಕೆಗೆ ಕನ್ನಡ ಓದಲು ಬರುವುದಿಲ್ಲ. ಪ್ರೂಫ್ ತೆಗೆದಾಗ ಕನ್ನಡದ ಬದಿಯನ್ನು ನನ್ನ ಕೈಲಿ ಗಟ್ಟಿಯಾಗಿ ಎರಡು ಸಲ ಓದಿಸಿದರು. ಅಂಥ ಗಿರಾಕಿಗಳಿಂದ ಈ ಪ್ರೆಸ್ ಇಷ್ಟು ವರ್ಷ ನಡೆಯಿತು.

ಮೈನ್ಸ್ ನಿಂತ ವರ್ಷ ಕೈಯಲ್ಲಿ ದುಡ್ಡಿಲ್ಲದಿದ್ದರೂ ಕಾರ್ಡಿನ ಬಾಕಿ ತಿಂಗಳಿಗೆ ಐವತ್ತರಂತೆ ತೀರಿಸಿದ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಯವರಿಗೆ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಒಟ್ಟಿಗೇ ಬಿಲ್ ಬುಕ್ಕು ಬದಲಿಸಬೇಕಾಗಿ ಬಂದು ರಾತ್ರಿ ಹನ್ನೊಂದರವರೆಗೆ ಬಾಗಿಲಲ್ಲಿ ಸಹನೆಯಿಂದ ಕಾದ ಬಜಾರಿನ ವರ್ತಕರಿಗೆ, ರಾಜ್ಯೋತ್ಸವದ ಕರಪತ್ರವನ್ನು ಬೆಂಗಳೂರಲ್ಲಿ ಅಗ್ಗಕ್ಕೆ ಸಿಕ್ಕರೂ ಇಲ್ಲೇ ಹೊಡೆಸಿದ ನಿಮ್ಮ ಸಂಘಟನೆಗೆ, ನಮ್ಮ ತಂದೆಯ ಪರವಾಗಿ, ನಮ್ಮ ಕೆಲಸದವರ ಪರವಾಗಿ ನಮಸ್ಕಾರ.

ಮುಂಗಡ ಕೊಟ್ಟು ಕೆಲಸ ಕೊಡದೇ ಇರುವವರು ಹನ್ನೊಂದು ಜನ ಇದ್ದೀರಿ, ಮಾರ್ಚ್ 20ರೊಳಗೆ ಬಂದು ಹಣ ತೆಗೆದುಕೊಂಡು ಹೋಗಿ. ನಮಗೆ ಬಾಕಿ ಕೊಡಬೇಕಾದವರು ಎಷ್ಟು ಜನ ಅಂತ ಇಲ್ಲಿ ಹೇಳುವುದಿಲ್ಲ, ಕೆಲವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಏಪ್ರಿಲ್, ಮೇ ತಿಂಗಳ ಮದುವೆ ಇಟ್ಟುಕೊಂಡಿರುವವರು ಪತ್ರಿಕೆಗೆ ಮಾರ್ಚ್ 10ರೊಳಗೆ ಬನ್ನಿ. ವರನ ಕಡೆ, ವಧುವಿನ ಕಡೆ ಹೆಸರಿನ ಪಟ್ಟಿ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ, ಪ್ರೆಸ್ಸಿನಲ್ಲಿ ಜಗಳ ಆಡಲು ಈ ಸಲ ಪುರುಸೊತ್ತಿಲ್ಲ. 31ರಂದು ಸಂಜೆ ಐದಕ್ಕೆ ಮೆಷಿನ್ ನಿಲ್ಲುತ್ತದೆ. ಫೈಲು ತೆಗೆದುಕೊಳ್ಳುವವರಿಗಾಗಿ ಬಾಗಿಲು ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಬರುವಾಗ ಪೆನ್‌ಡ್ರೈವ್ ತನ್ನಿ.